ಬಿಸಿ ಏರಿದ ದಿನ ಹೇಳುವುದು ನಿನ್ನೆಯ ಸುದ್ದಿ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಶಿರಸಿ ಹತ್ತಿರದ ಹಳ್ಳಿ. ಮಗುವಿಗಾಗಿ ಏಳು ತಿಂಗಳಿಂದ ಪ್ರಯತ್ನ ಮಾಡ್ತಿದ್ದೇವೆ. ನನ್ನ ಮುಟ್ಟು 32ರಿಂದ 35 ದಿನಕ್ಕೊಮ್ಮೆ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಥರ್ಮಾಮೀಟರ್ ಇಟ್ಟು ಬರೆದಿಡುತ್ತೇನೆ. ಬಿಸಿ ಏರಿದ ದಿನದಿಂದ ಮೂರು ದಿನ ಸೇರುತ್ತೇವೆ. ಆದರೂ ನಿಂತಿಲ್ಲ. ಕಳೆದ ತಿಂಗಳು 17ನೇ ದಿನ ಒಮ್ಮೆಲೇ 97.9 ಬಂತು, ಮರುದಿನ ಇಳಿಯಿತು. ಮೊಬೈಲ್ ಆ್ಯಪ್ ಈ ತಿಂಗಳು ಅಂಡ ಬಿಡುಗಡೆ ಆಗಿಲ್ಲ ಅಂತ ತೋರಿಸಿತು. 21ನೇ ದಿನದ ರಕ್ತ ಪರೀಕ್ಷೆಯಲ್ಲೂ ಹಾರ್ಮೋನ್ ಕಡಿಮೆ ಬಂತು. ಅತ್ತೆ ನನ್ನ ಮೈ ಉಷ್ಣ ಅಂತ ದಿನಾ ಮುರುಗಲು ಪಾನಕ ಕೊಡುತ್ತಿದ್ದಾರೆ. ಬರೆದಿಟ್ಟ ಪುಟದ ಫೋಟೋ ಕಳಿಸಿದ್ದೇನೆ. ನನಗೆ ನಿಜವಾಗಿ ಏನು ತೊಂದರೆ?

ಉತ್ತರ: ನಿಮ್ಮ ಪುಟವನ್ನು ಎರಡು ಸಲ ನೋಡಿದೆ. ಆ ತಿಂಗಳು ನಿಮಗೆ ಅಂಡ ಬಿಡುಗಡೆ ಆಗಿರುವ ಸಾಧ್ಯತೆಯೇ ಜಾಸ್ತಿ. ನೀವು ಬರೆದ ಅಂಕಿಗಳೇ ಅದನ್ನು ಹೇಳುತ್ತವೆ. ಎಡವಿದ್ದು ಮೂರು ಕಡೆ. ಸೇರಿದ ದಿನಗಳು ತಡವಾದವು, ರಕ್ತ ಕೊಟ್ಟ ದಿನ ಬೇಗವಾಯಿತು, ಆ್ಯಪ್ ಒಂದು ಕೆಟ್ಟ ಅಂಕಿಯನ್ನು ನಂಬಿತು. ಮೂರಕ್ಕೂ ಮೂಲ ಒಂದೇ: ಆ ಸಣ್ಣ ಏರಿಕೆ ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎಂಬುದನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ.

ಮೊದಲು ಅತ್ತೆಯವರ ಪಾನಕದ ವಿಷಯ ಮುಗಿಸೋಣ. ನಮ್ಮ ಕಡೆ 'ಉಷ್ಣ' ಅನ್ನುವ ಮಾತಿಗೂ ಥರ್ಮಾಮೀಟರ್ ತೋರಿಸುವ ಬಿಸಿಗೂ ಸಂಬಂಧ ಇಲ್ಲ. ಬಾಯಿ ಹುಣ್ಣು, ಉರಿಮೂತ್ರ, ಕಣ್ಣುರಿ ಎಲ್ಲದಕ್ಕೂ ನಾವು ಉಷ್ಣ ಅನ್ನುತ್ತೇವೆ. ಆಗ ಥರ್ಮಾಮೀಟರ್ ಇಟ್ಟು ನೋಡಿದರೆ ಬಿಸಿ ಮಾಮೂಲಿಯೇ ಇರುತ್ತದೆ. ಬೆಳಗಿನ ಬಿಸಿ ತಿಂಗಳ ಎರಡನೇ ಅರ್ಧದಲ್ಲಿ ಅರ್ಧ ಡಿಗ್ರಿ ಏರುವುದು ದೋಷ ಅಲ್ಲ, ದೇಹ ತನ್ನ ಕೆಲಸ ಮಾಡಿದ್ದರ ಗುರುತು. ಮುರುಗಲು ಪಾನಕ ಕುಡಿದರೆ ಅದು ಇಳಿಯುವುದೂ ಇಲ್ಲ, ಇಳಿಸಬೇಕಾಗಿಯೂ ಇಲ್ಲ. ರುಚಿಗೆ ಕುಡಿಯಿರಿ. ಸಕ್ಕರೆ ಸ್ವಲ್ಪ ಕಡಿಮೆ ಇರಲಿ.

ಈಗ ಏರಿಕೆಯ ಕಾರಣ. ಮುಟ್ಟಾದ ಮೇಲೆ ಅಂಡಾಶಯದಲ್ಲಿ ನೀರು ತುಂಬಿದ ಒಂದು ಸಣ್ಣ ಗುಳ್ಳೆ ಬೆಳೆಯುತ್ತದೆ. ಅಂಡ ಇರುವುದು ಅದರೊಳಗೆ. ಈ ದಿನಗಳಲ್ಲಿ ಬೆಳಗಿನ ಬಿಸಿ ಕೆಳಮಟ್ಟದಲ್ಲಿ, ಹೆಚ್ಚಿನವರಲ್ಲಿ 97ರಿಂದ 97.5 ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. ಒಂದು ದಿನ ಗುಳ್ಳೆ ಒಡೆದು ಅಂಡ ಹೊರಬೀಳುತ್ತದೆ. ಖಾಲಿಯಾದ ಗುಳ್ಳೆ ಸುಮ್ಮನೆ ಕರಗಿ ಹೋಗುವುದಿಲ್ಲ. ಅದು ಹಳದಿ ಬಣ್ಣದ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸತೊಡಗುತ್ತದೆ. ಗರ್ಭಕೋಶದ ಒಳಪದರವನ್ನು ಮಗುವಿಗೆ ಹಾಸಿಗೆ ಮಾಡಿಕೊಡುವುದು ಈ ಹಾರ್ಮೋನಿನ ಮುಖ್ಯ ಕೆಲಸ. ಜೊತೆಗೆ ಅದು ಮಿದುಳಿನಲ್ಲಿ ಮೈ ಬಿಸಿಯನ್ನು ಹಿಡಿತದಲ್ಲಿಡುವ ಜಾಗವನ್ನೂ ತಟ್ಟುತ್ತದೆ. ಅಲ್ಲಿನ ಮಟ್ಟ ಅರ್ಧ ಡಿಗ್ರಿಯಷ್ಟು ಮೇಲೆ ಹೋಗುತ್ತದೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಗಂಟು ಹುಟ್ಟುವುದು ಅಂಡ ಹೊರಬಿದ್ದ ಮೇಲೆ. ಹಾರ್ಮೋನ್ ರಕ್ತದಲ್ಲಿ ಸಾಕಷ್ಟು ಏರಲು ಇನ್ನೂ ಸ್ವಲ್ಪ ಹೊತ್ತು ಬೇಕು. ಹಾಗಾಗಿ ಥರ್ಮಾಮೀಟರಿನಲ್ಲಿ ಏರಿಕೆ ಕಾಣುವಾಗ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗಿ ಒಂದೆರಡು ದಿನ ಕಳೆದಿರುತ್ತದೆ. ಹೊರಬಂದ ಅಂಡ ಬದುಕುವುದು 12ರಿಂದ 24 ತಾಸು ಮಾತ್ರ. ಬಿಸಿ ಏರಿದ್ದನ್ನು ನೋಡಿ ಸೇರುವುದು ಅಂದರೆ, ಬಸ್ಸು ಹೋದ ಮೇಲೆ ಅದರ ಧೂಳು ನೋಡಿಕೊಂಡು ಸ್ಟಾಪಿಗೆ ಓಡಿದ ಹಾಗೆ. ನಾಲ್ಕು ತಿಂಗಳು ನೀವು ಮಾಡಿದ್ದು ಇದನ್ನೇ. ನಿಮ್ಮೊಬ್ಬರದ್ದೇ ಅಲ್ಲ, ನನ್ನ ಹತ್ತಿರ ಪಟ್ಟಿ ಹಿಡಿದುಕೊಂಡು ಬರುವ ಜೋಡಿಗಳಲ್ಲಿ ಈ ತಪ್ಪು ಬಹಳ ಮಾಮೂಲು.

ಗಂಡಿನ ವೀರ್ಯಾಣುವಿನ ಲೆಕ್ಕ ಬೇರೆ. ಸರಿಯಾದ ಲೋಳೆ ಇದ್ದಾಗ ಅದು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಆದ್ದರಿಂದ ಗರ್ಭ ನಿಲ್ಲುವ ದಿನಗಳು ಒಟ್ಟು ಆರು. ಅಂಡ ಬಿಡುಗಡೆಯ ದಿನ, ಮತ್ತು ಅದಕ್ಕೆ ಮೊದಲಿನ ಐದು ದಿನ. ಅದರಲ್ಲೂ ಹಿಂದಿನ ಎರಡು ದಿನಗಳಲ್ಲಿ ಅವಕಾಶ ಚೆನ್ನಾಗಿರುತ್ತದೆ. ವೀರ್ಯಾಣು ಮೊದಲೇ ಹೋಗಿ ಕಾಯುತ್ತಿರಬೇಕು. ಅಂಡ ಕಾಯುವುದಿಲ್ಲ.

ಇನ್ನು ನಿಮ್ಮ ಪುಟ ಓದೋಣ. ಮುಟ್ಟು ಶುರುವಾದ ದಿನವನ್ನು 1 ಅಂತ ಎಣಿಸಿದರೆ, 14ನೇ ದಿನದಿಂದ ನೀವು ಬರೆದಿದ್ದು ಹೀಗಿದೆ: 97.2, 97.1, 97.3. ಆಮೇಲೆ 17ನೇ ದಿನ 97.9. ಮುಂದೆ 18ರಿಂದ 20ರವರೆಗೆ 97.2, 97.1, 97.0. ಅಲ್ಲಿಂದ 21ಕ್ಕೆ 97.5, 22ಕ್ಕೆ 97.7, 23ಕ್ಕೆ 97.8. ನಂತರ 32ನೇ ದಿನದವರೆಗೂ 97.6ಕ್ಕೂ 98ಕ್ಕೂ ನಡುವೆಯೇ ಇದೆ. 33ಕ್ಕೆ 97.4, 34ಕ್ಕೆ 97.2. ಮರುದಿನ ಮುಟ್ಟು.

17ನೇ ದಿನದ ಪಕ್ಕದಲ್ಲಿ ನೀವೇ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: 'ಅಡಿಕೆ ಸುಲಿತ, ಮಲಗಿದ್ದು 1 ಗಂಟೆ, ಎದ್ದಿದ್ದು 7.30.' ಈ ಒಂದು ಸಾಲು ನನಗೆ ಇಡೀ ಪುಟಕ್ಕಿಂತ ಉಪಯೋಗಕ್ಕೆ ಬಂತು. ನೀವು ದಿನಾ ಏಳುವುದು 5 ಗಂಟೆಗೆ. ನಮ್ಮ ಮೈ ಬಿಸಿ ನಸುಕಿನಲ್ಲಿ ತೀರಾ ಕೆಳಗಿರುತ್ತದೆ. ಬೆಳಗಾಗುತ್ತ ಹೋದಂತೆ, ನಾವು ಮಲಗೇ ಇದ್ದರೂ, ತಾಸಿಗೆ ಸುಮಾರು 0.2 ಫ್ಯಾರನ್‌ಹೀಟ್‌ನಂತೆ ತಾನಾಗಿ ಏರುತ್ತದೆ. ಎರಡೂವರೆ ತಾಸು ತಡವಾದರೆ ಅರ್ಧ ಡಿಗ್ರಿ ಅಲ್ಲೇ ಬಂತು! ಜೊತೆಗೆ ನಿದ್ದೆಗೆಟ್ಟ ರಾತ್ರಿ ಬೇರೆ. 97.9ಕ್ಕೆ ಇಷ್ಟು ಕಾರಣ ಸಾಕು. ಅಂಥ ಅಂಕಿಯನ್ನು ಲೆಕ್ಕ ಹಾಕಿ ಸರಿ ಮಾಡಲು ಹೋಗಬಾರದು. ಅದಕ್ಕೊಂದು ಸುತ್ತು ಹಾಕಿ, ಆ ದಿನ ಇಲ್ಲವೇ ಇಲ್ಲ ಅಂದುಕೊಂಡು ಮುಂದೆ ಹೋಗಬೇಕು.

ಆ್ಯಪ್‌ಗೆ ಅಡಿಕೆ ಸುಲಿತ ಗೊತ್ತಿಲ್ಲ. ಅದು 97.9ನ್ನೂ ಕೆಳಮಟ್ಟದ ದಿನಗಳ ಜೊತೆ ಸೇರಿಸಿಕೊಂಡಂತಿದೆ. ಆಮೇಲಿನ 97.5, 97.7, 97.8 ಯಾವುದೂ ಅದಕ್ಕಿಂತ ಮೇಲೆ ಇಲ್ಲವಲ್ಲ, ಹಾಗಾಗಿ ಏರಿಕೆಯೇ ಇಲ್ಲ ಅಂದುಬಿಟ್ಟಿತು. ಕೆಲವು ಆ್ಯಪ್‌ಗಳಲ್ಲಿ ಒಂದು ದಿನವನ್ನು ಲೆಕ್ಕದಿಂದ ಬಿಡಿಸುವ ಸೌಲಭ್ಯ ಇರುತ್ತದೆ. ನಿಮ್ಮದರಲ್ಲಿ ಹುಡುಕಿ ನೋಡಿ. ಇಲ್ಲದಿದ್ದರೆ ಚೌಕಳಿ ಪುಸ್ತಕ, ಪೆನ್ಸಿಲ್ಲೇ ಒಳ್ಳೆಯದು.

ಕೈಯಲ್ಲಿ ಓದುವ ಕ್ರಮ ಕಷ್ಟದ್ದಲ್ಲ. ಬಿಸಿ ಏರಿದ ಹಾಗೆ ಕಂಡ ಮೊದಲ ದಿನವನ್ನು ಹಿಡಿಯಿರಿ. ಅದರ ಹಿಂದಿನ ಆರು ಒಳ್ಳೆಯ ಅಂಕಿ ನೋಡಿ. ನಿಮ್ಮಲ್ಲಿ 17ನ್ನು ಬಿಟ್ಟರೆ ಅವು 14, 15, 16, 18, 19, 20ನೇ ದಿನದವು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು 97.3. ಅಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಮುಂದಿನ ಮೂರು ದಿನದ ಅಂಕಿ ಮೂರೂ ಆ ಗೆರೆಗಿಂತ ಮೇಲಿರಬೇಕು. ಮೂರನೆಯದು ಗೆರೆಗಿಂತ ಕನಿಷ್ಠ 0.4 ಫ್ಯಾರನ್‌ಹೀಟ್, ಸೆಲ್ಸಿಯಸ್ ಆದರೆ 0.2, ಮೇಲಿರಬೇಕು. ನಿಮಗೆ 97.7 ಬೇಕಿತ್ತು, 97.8 ಬಂದಿದೆ. ಏರಿಕೆ ಖಚಿತ. ಮೂರನೆಯ ದಿನ ಅಷ್ಟು ಏರದಿದ್ದರೆ ನಾಲ್ಕನೆಯ ದಿನವನ್ನೂ ನೋಡುತ್ತೇವೆ. ಅದೂ ಗೆರೆಗಿಂತ ಮೇಲಿದ್ದರೆ ಸಾಕು.

ನೋಡಿ, ಇಲ್ಲಿ 97 ಅಥವಾ 98 ಅನ್ನುವ ಅಂಕಿಗೆ ಬೆಲೆ ಇಲ್ಲ. ಕೆಲವರ ಕೆಳಮಟ್ಟವೇ 97.6 ಇರುತ್ತದೆ, ಕೆಲವರ ಮೇಲ್ಮಟ್ಟ 97.4 ದಾಟುವುದಿಲ್ಲ. ಒಂದು ದಿನದ ಜಿಗಿತಕ್ಕೂ ಬೆಲೆ ಇಲ್ಲ. ಕೆಳಗಿನ ಗುಂಪು, ಮೇಲಿನ ಗುಂಪು ಎರಡು ಬೇರೆಯಾಗಿ ಕಾಣಬೇಕು. ಘಟ್ಟದ ಕೆಳಗೆ ಒಂದು ಊರು, ಘಟ್ಟದ ಮೇಲೆ ಒಂದು ಊರು ಇದ್ದಂತೆ. ಕೆಲವರಿಗೆ ಅದು ಒಂದೇ ದಿನ ಹತ್ತಿ ಮುಗಿಯುತ್ತದೆ. ಕೆಲವರಿಗೆ ದೇವಿಮನೆ ಘಟ್ಟದ ತಿರುವಿನಂತೆ ಮೂರು ನಾಲ್ಕು ದಿನ ನಿಧಾನ ಹತ್ತುತ್ತದೆ. ಎರಡೂ ಸರಿಯೇ. ಏರುವ ಹಿಂದಿನ ದಿನ ಬಿಸಿ ಕುಸಿಯಲೇಬೇಕು ಅಂತ ಬಹಳ ಕಡೆ ಬರೆದಿರುತ್ತಾರೆ. ನಿಮ್ಮ ಪುಟದಲ್ಲೂ 20ನೇ ದಿನ 97.0 ಇದೆ. ಅದನ್ನು ನಂಬಿ ಕೂರಬೇಡಿ. ಆ ಕುಸಿತ ಎಷ್ಟೋ ಜನರಲ್ಲಿ ಬರುವುದೇ ಇಲ್ಲ.

ಹಾಗಾದರೆ ನಿಮ್ಮ ಅಂಡ ಹೊರಬಿದ್ದಿದ್ದು 19 ಅಥವಾ 20ನೇ ದಿನ ಇರಬೇಕು. ಒಂದು ದಿನ ಆಚೆ ಈಚೆ ಆಗಬಹುದು, ಥರ್ಮಾಮೀಟರ್ ಅಷ್ಟು ನಿಖರವಾಗಿ ಹೇಳಲಾರದು. ಗರ್ಭ ನಿಲ್ಲುವ ದಿನಗಳು ಸುಮಾರು 14ರಿಂದ 20. ನೀವು ಸೇರಿದ್ದು 21, 22, 23. ಏಳು ತಿಂಗಳ ಪ್ರಯತ್ನ ಅಂತ ಬರೆದಿದ್ದೀರಿ, ಆದರೆ ನನ್ನ ಲೆಕ್ಕದಲ್ಲಿ ಕೊನೆಯ ನಾಲ್ಕು ತಿಂಗಳು ಪ್ರಯತ್ನವೇ ಆಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇದು ಒಳ್ಳೆಯ ಸುದ್ದಿ.

ರಕ್ತ ಪರೀಕ್ಷೆಗೆ ಬರೋಣ. 21ನೇ ದಿನದ ಪರೀಕ್ಷೆ ಅಂತ ಅದಕ್ಕೆ ಹೆಸರೇ ಬಿದ್ದುಬಿಟ್ಟಿದೆ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಅವರಿಗೆ 14ರ ಸುಮಾರಿಗೆ ಅಂಡ ಬಿಡುಗಡೆ, ಅಲ್ಲಿಂದ ಏಳು ದಿನಕ್ಕೆ ಪ್ರೊಜೆಸ್ಟರಾನ್ ತುದಿಯಲ್ಲಿರುತ್ತದೆ, ಹಾಗಾಗಿ 21. ನಿಜವಾದ ನಿಯಮ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ರಕ್ತ ಕೊಡಬೇಕು ಅನ್ನುವುದು. ನಿಮಗದು 27 ಅಥವಾ 28ನೇ ದಿನ. ನೀವು ರಕ್ತ ಕೊಟ್ಟ ದಿನ ಆ ಹಳದಿ ಗಂಟು ಹುಟ್ಟಿ ಒಂದೆರಡು ದಿನ ಆಗಿತ್ತಷ್ಟೆ. ಹಾರ್ಮೋನ್ ಕಡಿಮೆ ಬರದೆ ಇನ್ನೇನು ಬರಬೇಕಿತ್ತು? ಚಾರ್ಟಿನ ನಿಜವಾದ ಉಪಯೋಗ ನನ್ನ ಪ್ರಕಾರ ಇಲ್ಲಿದೆ. ಬಿಸಿ ಏರಿದ ಮೊದಲ ದಿನದಿಂದ ಆರೇಳು ದಿನ ಎಣಿಸಿ ರಕ್ತ ಕೊಡಿ. ಫಲಿತಾಂಶ ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಮೇಲಿದ್ದರೆ ಅಂಡ ಬಿಡುಗಡೆ ಆಗಿದೆ ಅಂತ ಒಪ್ಪುತ್ತೇವೆ. ಮುಟ್ಟು ಬಂದ ದಿನವನ್ನೂ ಆ ರಿಪೋರ್ಟಿನ ಮೇಲೆ ಬರೆದಿಡಿ. ಪರೀಕ್ಷೆಯಾಗಿ ಸುಮಾರು ಒಂದು ವಾರಕ್ಕೆ ಮುಟ್ಟು ಬಂದಿದ್ದರೆ ರಕ್ತ ಕೊಟ್ಟ ದಿನ ಸರಿಯಿತ್ತು ಅಂತ ಅರ್ಥ. ತೀರಾ ಬೇರೆಯಾಗಿದ್ದರೆ ಆ ಅಂಕಿಯನ್ನು ನಂಬಿ ಔಷಧಿ ಶುರು ಮಾಡುವುದು ಬೇಡ.

ಅಳೆಯುವ ವಿಷಯದಲ್ಲಿ ನಿಮಗೆ ಹೇಳುವುದು ಜಾಸ್ತಿ ಇಲ್ಲ, ಸರಿಯಾಗೇ ಮಾಡಿದ್ದೀರಿ. ಬೇರೆಯವರಿಗಾಗಿ ಎರಡು ಮಾತು. ಒಬ್ಬ ಹುಡುಗಿ ಮೂರು ತಿಂಗಳ ಪಟ್ಟಿ ತಂದಿದ್ದಳು, ಗರಗಸದ ಹಲ್ಲಿನ ಹಾಗಿತ್ತು. ಕೇಳಿದರೆ, ಎದ್ದ ಕೂಡಲೇ ಬಚ್ಚಲ ಒಲೆಗೆ ಬೆಂಕಿ ಹಾಕಿ, ಹಾಲು ಕಾಯಿಸಿ, ಆಮೇಲೆ ಬಂದು ಕೂತು ಅಳೆಯುತ್ತಿದ್ದಳಂತೆ. ಅಷ್ಟು ಓಡಾಡಿದ ಮೇಲೆ ಸಿಗುವುದು ಓಡಾಟದ ಬಿಸಿ. ಕಣ್ಣು ಬಿಟ್ಟ ಕೂಡಲೇ, ಏಳುವ ಮೊದಲು, ನೀರು ಕುಡಿಯುವ ಮೊದಲು ಅಳೆಯಬೇಕು. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲೇ ಇರಲಿ. ನಾಲಿಗೆ ಕೆಳಗಿಟ್ಟು ಬೀಪ್ ಬರುವವರೆಗೆ ಬಾಯಿ ಮುಚ್ಚಿರಬೇಕು. ಮೊದಲು ಮೂರು ನಾಲ್ಕು ತಾಸಾದರೂ ಒಂದೇ ಸಮನೆ ನಿದ್ದೆ ಆಗಿರಬೇಕು. ಕಾರವಾರದಿಂದ ಬರುತ್ತಿದ್ದ ಒಬ್ಬ ನರ್ಸ್‌ಗೆ ರಾತ್ರಿ ಪಾಳಿ, ಹಗಲು ಪಾಳಿ ಬದಲಾಗುತ್ತಲೇ ಇತ್ತು. ಅವರಿಗೆ ಈ ಪಟ್ಟಿಯೇ ಬೇಡ ಅಂದೆ. ಓದಲು ಆಗದ ಪಟ್ಟಿ ಬರೆಯುವುದು ಸುಮ್ನೆ ತಲೆಬಿಸಿ.

ಥರ್ಮಾಮೀಟರ್ ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಆದರೂ ಸಾಕು, ಫ್ಯಾರನ್‌ಹೀಟ್‌ನಲ್ಲೇ ನೋಡಿ. ಸೆಲ್ಸಿಯಸ್‌ನಲ್ಲಿ ಒಂದೇ ದಶಾಂಶ ತೋರಿಸಿದರೆ ಇಷ್ಟು ಸಣ್ಣ ಏರಿಕೆ ಒಂದೆರಡು ಮೆಟ್ಟಿಲಲ್ಲೇ ಮುಗಿದುಹೋಗುತ್ತದೆ. ಎರಡು ದಶಾಂಶ ತೋರಿಸುವ ಬೇಸಲ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಣೆಗೆ ಹಿಡಿಯುವ ಗನ್ ಇದಕ್ಕೆ ಬೇಡವೇ ಬೇಡ. ತಿಂಗಳ ನಡುವೆ ಥರ್ಮಾಮೀಟರ್ ಬದಲಿಸಬೇಡಿ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಏರಿಕೆಯಾಗಿ ಕಾಣುತ್ತದೆ. ಜ್ವರ ಇದ್ದ ದಿನ, ಜಾತ್ರೆಗೋ ಯಕ್ಷಗಾನದ ಆಟಕ್ಕೋ ಹೋಗಿ ರಾತ್ರಿಯಿಡೀ ಎದ್ದಿದ್ದ ದಿನ, ಸುತ್ತು ಹಾಕಿ ಬಿಟ್ಟುಬಿಡಿ. ಮುಟ್ಟು ಬರಿಸಲು ಅಥವಾ ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟರಾನ್ ಜಾತಿಯ ಮಾತ್ರೆಗಳಲ್ಲಿ ಹಲವು ತಾವೇ ಬಿಸಿ ಏರಿಸುತ್ತವೆ. ಆ ತಿಂಗಳ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಮುಂದೇನು ಮಾಡಬಹುದು? ಸುಲಭದ ದಾರಿ ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿಟ್ಟು, ಮುಟ್ಟಿನ 13ನೇ ದಿನದಿಂದ 21ರವರೆಗೆ ದಿನ ಬಿಟ್ಟು ದಿನ ಸೇರುವುದು. ಈ ಅಂಕಿ ಎಲ್ಲಿಂದ ಬಂತು ಅಂದರೆ, ನಿಮ್ಮ ಪುಟದಲ್ಲಿ ಏರಿಕೆಯಿಂದ ಮುಟ್ಟಿಗೆ 14 ದಿನ ಇದೆ. 32 ದಿನದ ತಿಂಗಳಾದರೆ ಬಿಡುಗಡೆ 18ರ ಸುಮಾರು, 35 ಆದರೆ 21. ಅದಕ್ಕೆ ಹಿಂದಿನ ಐದು ದಿನ ಸೇರಿಸಿದೆ. ಈ ದಾರಿಯಲ್ಲಿ ದಿನ ತಪ್ಪಿಹೋಗುವ ಭಯ ಕಡಿಮೆ. ನಾನಾದರೆ ಇದನ್ನೇ ಹೇಳುತ್ತೇನೆ.

ಇದರ ಜೊತೆ ಬಿಳಿ ಹೋಗುವುದನ್ನು ಗಮನಿಸಿದರೆ ಇನ್ನೂ ಚೆನ್ನ. ಪುಸ್ತಕಗಳಲ್ಲಿ ಕೋಳಿಮೊಟ್ಟೆಯ ಬಿಳಿಯ ಹಾಗೆ ಅಂತ ಬರೆಯುತ್ತಾರೆ. ಮೊಟ್ಟೆ ಒಡೆದು ಗೊತ್ತಿಲ್ಲದವರಿಗೆ ನಾನು ದಾಸವಾಳದ ಸೊಪ್ಪಿನ ಗೊಂಪು ಅನ್ನುತ್ತೇನೆ, ಕೂಡಲೇ ಅರ್ಥವಾಗುತ್ತದೆ. ತಿಳಿಯಾಗಿ, ಜಾರುವ ಹಾಗೆ, ಎರಡು ಬೆರಳ ನಡುವೆ ನೂಲಿನಂತೆ ಎಳೆದರೆ ಅದೇ ಸರಿಯಾದ ದಿನ. ಅದು ಅಂಡ ಬಿಡುಗಡೆಗೆ ಮೊದಲೇ ಬರುತ್ತದೆ. ಥರ್ಮಾಮೀಟರ್ ಕೊಡಲಾರದ ಸೂಚನೆ ಇದು. ತುರಿಕೆ, ವಾಸನೆ ಇದ್ದರೆ ಮಾತ್ರ ಅದು ಸೋಂಕು, ತೋರಿಸಿಕೊಳ್ಳಬೇಕು.

ಅಂಡ ಬಿಡುಗಡೆಗೆ ಮೊದಲು ಏರುವ ಹಾರ್ಮೋನನ್ನು ಮೂತ್ರದಲ್ಲಿ ನೋಡುವ ಎಲ್‌ಎಚ್ ಪಟ್ಟಿಯೂ ಸಿಗುತ್ತದೆ. ಅದು ಬಿಡುಗಡೆಗೆ ಒಂದೂವರೆ ದಿನ ಮೊದಲು ಸುಳಿವು ಕೊಡುತ್ತದೆ. ನಿಮ್ಮಂಥ ಉದ್ದ ತಿಂಗಳಿನವರು 14ನೇ ದಿನದಿಂದ ದಿನಾ ನೋಡಬೇಕಾಗುತ್ತದೆ, ಹಾಗಾಗಿ ಖರ್ಚು. ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿಕೊಳ್ಳುವ ಪಿಸಿಓಎಸ್ ತೊಂದರೆ ಇದ್ದವರಲ್ಲಿ ಅದು ಸುಳ್ಳು ಸುಳಿವನ್ನೂ ಕೊಡಬಹುದು.

ಚಾರ್ಟ್ ಮುಂದುವರಿಸುತ್ತೇನೆ ಅಂದರೆ ಇನ್ನೆರಡು ತಿಂಗಳು, ಸಾಕು. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಆರಾರು ತಿಂಗಳು ಬರೆಸುತ್ತಿದ್ದೆ. ಗಂಡ ಹೆಂಡತಿ ಬೆಳಿಗ್ಗೆ ಎದ್ದು ಮೊದಲು ಮಾತಾಡುವುದೇ ಅಂಕಿಯ ಬಗ್ಗೆ ಅನ್ನುವ ಸ್ಥಿತಿ ಬಂದಿದ್ದನ್ನು ನೋಡಿ ಬಿಟ್ಟೆ. ವೈದ್ಯರಿಗೆ ಚಿಕಿತ್ಸೆಯ ದಾರಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೂ ಮಕ್ಕಳಾಗದ ಜೋಡಿಗಳಲ್ಲಿ ಅಂಡ ಬಿಡುಗಡೆ ತಿಳಿಯಲು ಈ ಚಾರ್ಟ್ ಬೇಡ ಅನ್ನುತ್ತದೆ. ಅದಕ್ಕೆ ಕಾರಣವೂ ಇದೆ. ಕೆಲವರಲ್ಲಿ ಅಂಡ ಬಿಡುಗಡೆಯಾದರೂ ಏರಿಕೆ ಕಾಣುವುದಿಲ್ಲ. ಅಪರೂಪಕ್ಕೆ ಗುಳ್ಳೆ ಒಡೆಯದೆ ಹಾಗೇ ಗಂಟಾಗಿ, ಅಂಡ ಹೊರಬರದೆಯೂ ಬಿಸಿ ಏರುತ್ತದೆ. ಗರ್ಭನಾಳ ತೆರೆದಿದೆಯೋ ಇಲ್ಲವೋ ಎಂಬುದು ಥರ್ಮಾಮೀಟರಿಗೆ ತಿಳಿಯುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ಯಜಮಾನರ ಪರೀಕ್ಷೆಯ ಮಾತೇ ಇಲ್ಲ. ವೀರ್ಯ ಪರೀಕ್ಷೆ ಒಂದೇ ಸಲದ ಕೆಲಸ, ಸೂಜಿಯೂ ಇಲ್ಲ. ಎರಡರಿಂದ ಏಳು ದಿನ ಸೇರದೆ ಇದ್ದು ಕೊಡಬೇಕು. ಹೆಂಡತಿ ನಾಲ್ಕು ತಿಂಗಳು ನಸುಕಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಮನೆಯಲ್ಲಿ ಗಂಡ ಒಂದು ಬೆಳಿಗ್ಗೆ ಶಿರಸಿ ಪೇಟೆಗೆ ಹೋಗಿ ಬರಲು ಆಗುತ್ತದೆ, ಅಲ್ವಾ? ನಿಮ್ಮ ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಒಂದು ವರ್ಷ ತುಂಬಿದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಇಬ್ಬರೂ ಹೋಗಿ. 35 ದಾಟಿದವರು ಆರು ತಿಂಗಳಿಗೇ ಹೋಗಬೇಕು. ಮುಟ್ಟು 35 ದಿನ ದಾಟತೊಡಗಿದರೆ, ಮುಟ್ಟಿನ ನೋವು ತಡೆಯಲಾಗದಿದ್ದರೆ, ಅಥವಾ ಏರಿದ ಬಿಸಿ ಹತ್ತು ದಿನವೂ ನಿಲ್ಲದೆ ಮುಟ್ಟು ಬರುತ್ತಿದ್ದರೆ ಕಾಯಬೇಡಿ, ಮೊದಲೇ ತೋರಿಸಿ. ಹೋಗುವಾಗ ಈ ಪುಟ ತೆಗೆದುಕೊಂಡು ಹೋಗಿ, 17ನೇ ದಿನಕ್ಕೆ ಸುತ್ತು ಹಾಕಿ.

ಇನ್ನೊಂದು ಕಡೆಯಿಂದಲೂ ನನಗೆ ಪ್ರಶ್ನೆ ಬರುತ್ತದೆ: ಮಗು ಬೇಡದವರು ಇದನ್ನೇ ನಂಬಬಹುದಾ ಅಂತ. ಮೂರು ಮೇಲಿನ ಅಂಕಿ ಸರಿಯಾಗಿ ಬಂದ ಮೇಲಿನ ದಿನಗಳಿಗೆ ಸ್ವಲ್ಪ ಮಟ್ಟಿಗೆ ಹೌದು. ಏರಿಕೆಗೆ ಮೊದಲಿನ ದಿನಗಳ ಬಗ್ಗೆ ಥರ್ಮಾಮೀಟರ್ ಏನೂ ಹೇಳುವುದಿಲ್ಲ. ನಿಮ್ಮ 17ನೇ ದಿನದಂಥ ಒಂದು ಸುಳ್ಳು ಅಂಕಿಯನ್ನು ನಂಬಿದರೆ ಅಲ್ಲಿಗೆ ಕೆಟ್ಟಿತು. ಅದನ್ನೊಂದೇ ನೆಚ್ಚಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನೀವು ಚಾರ್ಟ್ ಮುಂದುವರಿಸಿದ್ದೇ ಆದರೆ, ಏರಿದ ಬಿಸಿ ಯಾವುದಾದರೂ ತಿಂಗಳು 18 ದಿನ ಇಳಿಯದೇ ನಿಂತರೆ, ಗರ್ಭ ನಿಂತಿದೆಯೇ ಅಂತ ತೋರಿಸುವ ಮೂತ್ರ ಪರೀಕ್ಷೆಯ ಕಿಟ್ ತಂದು ನೋಡಿ.